8 ತಿಂಗಳ ಮಗು ಎಡಗೈ ಮಾತ್ರ ಬಳಸುತ್ತಿದೆ. ಎಡಚಿ ಅಂತ ಸುಮ್ಮನಿರಬಹುದಾ?

ಪಾಂಡವಪುರ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 8 ತಿಂಗಳು. 32 ವಾರಕ್ಕೇ ಹುಟ್ಟಿದಳು, ತೂಕ 1.6 ಕೆ.ಜಿ. ಇತ್ತು. ಉಸಿರಾಟದ ತೊಂದರೆ ಅಂತ ಎನ್‌ಐಸಿಯುನಲ್ಲಿ ಇಟ್ಟುಕೊಂಡಿದ್ದರು. ಈಗ ಚೆನ್ನಾಗಿ ಹಾಲು ಕುಡಿಯುತ್ತಾಳೆ, ರಾಗಿ ಸರಿ ತಿನ್ನುತ್ತಾಳೆ, ಮಾತಾಡಿಸಿದರೆ ನಗುತ್ತಾಳೆ. ಕತ್ತು ನಿಂತಿದೆ. ಹಿಡಿದುಕೊಂಡರೆ ಕೂರುತ್ತಾಳೆ, ಬಿಟ್ಟರೆ ಬಲಗಡೆಗೆ ವಾಲುತ್ತಾಳೆ.

ವಿಷಯ ಏನಂದರೆ, ಏನು ಕೊಟ್ಟರೂ ಎಡಗೈಯಲ್ಲೇ ತೆಗೆದುಕೊಳ್ಳುತ್ತಾಳೆ. ಗಿಲಕಿಯನ್ನು ಬಲಗಡೆ ಹಿಡಿದರೂ ಎಡಗೈಯನ್ನು ಎದೆಯ ಮೇಲಿಂದ ಆ ಕಡೆಗೆ ಚಾಚಿ ಹಿಡಿಯುತ್ತಾಳೆ. ಬಲಗೈ ಯಾವಾಗಲೂ ಮುಷ್ಟಿ, ಹೆಬ್ಬೆರಳು ಒಳಗೆ. ಸ್ನಾನ ಮಾಡಿಸುವಾಗ ಒಂದೊಂದೇ ಬೆರಳು ಬಿಡಿಸಿ ತೊಳೆಯಬೇಕು, ಅಂಗೈಯಲ್ಲಿ ಹಾಲಿನ ವಾಸನೆ, ಬೆವರು ಕಟ್ಟಿಕೊಂಡಿರುತ್ತದೆ.

ನಮ್ಮ ಅತ್ತೆ "ಎಡಚಿ ಆಗ್ತಾಳೆ ಬಿಡು, ಅವರ ತಾತನೂ ಎಡಚ" ಅನ್ನುತ್ತಾರೆ. ಲಸಿಕೆ ಹಾಕಿಸಲು ಹೋದ ಕಡೆ ಕೇಳಿದೆ. "ತಿಂಗಳು ತುಂಬದ ಮಗು, ಒಂದು ವರ್ಷದವರೆಗೆ ನೋಡೋಣ" ಅಂದರು. ಕಾಯಬೇಕಾ? ತೋರಿಸಬೇಕು ಅಂದರೆ ಮಂಡ್ಯಕ್ಕೆ ಹೋಗಬೇಕಾ, ಮೈಸೂರಿಗಾ? ಯಾವ ಡಾಕ್ಟರು ಇದನ್ನು ನೋಡುತ್ತಾರೆ ಅಂತಲೂ ಗೊತ್ತಿಲ್ಲ.

ಕೆಆರ್‌ಪೇಟೆ_ಸುಬ್ಬಣ್ಣ

ತಾಯಿ, ಹೆದರಬೇಡಿ. ನಮ್ಮ ಮನೆಯಲ್ಲಿ ಎರಡು ಮಕ್ಕಳು ಎಡಚರೇ. ಇಬ್ಬರೂ ಓದಿನಲ್ಲಿ ಮುಂದೆ. ದಿನಾ ಬೆಳಿಗ್ಗೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಆ ಕೈಗೆ ತಿಕ್ಕಿ, ಬಿಸಿನೀರು ಹುಯ್ಯಿರಿ. ಮುಷ್ಟಿ ತಾನಾಗೇ ಬಿಡುತ್ತದೆ.

ಲೆಕ್ಕದ_ಮೇಷ್ಟ್ರು

ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳಿ ಅಮ್ಮ. 40 ವಾರಕ್ಕೆ ಹುಟ್ಟಬೇಕಿತ್ತು, 32ಕ್ಕೆ ಹುಟ್ಟಿದ್ದಾಳೆ. 8 ವಾರ ಮುಂಚೆ. ಹಾಗಾಗಿ 8 ತಿಂಗಳಲ್ಲಿ ಸುಮಾರು 2 ತಿಂಗಳು ಕಳೆದು, 6 ತಿಂಗಳ ಮಗು ಅಂತಲೇ ನೋಡಬೇಕು. 2 ವರ್ಷ ತುಂಬುವವರೆಗೂ ಹೀಗೇ ಲೆಕ್ಕ ಹಾಕಬೇಕು ಅಂತ ನನ್ನ ಮೊಮ್ಮಗನನ್ನು ನೋಡಿದ ಡಾಕ್ಟರೇ ಹೇಳಿದ್ದು. 6 ತಿಂಗಳ ಮಗು ಆಸರೆ ಇಲ್ಲದೆ ಕೂರದಿದ್ದರೆ ಏನೂ ತಪ್ಪಿಲ್ಲ. 2 ವರ್ಷದವರೆಗೆ ಸಮಯ ಇದೆ, ಗಾಬರಿ ಬೇಡ.

ಫಿಸಿಯೋ_ಕುವೆಂಪುನಗರ

ಮೇಷ್ಟ್ರೇ, ಕಳೆಯುವ ಲೆಕ್ಕ ಸರಿ. ಅದರಿಂದ ನೀವು ಹೇಳಿದ ಕೊನೆಯ ಮಾತು ಮಾತ್ರ ಈ ಮಗುವಿಗೆ ಹೊಂದುವುದಿಲ್ಲ.

ಬೇಗ ಹುಟ್ಟಿದ ಮಗು ಎಲ್ಲದರಲ್ಲೂ ಸ್ವಲ್ಪ ಹಿಂದೆ ಇರುತ್ತದೆ, ನಿಜ. ಆದರೆ ಎರಡೂ ಕೈ ಒಂದೇ ಸಮ ಹಿಂದೆ ಇರಬೇಕು. ಒಂದು ಕೈ 6 ತಿಂಗಳ ಮಗುವಿನ ಹಾಗೆ ಚಾಚಿ ಹಿಡಿಯುತ್ತಿದೆ, ಇನ್ನೊಂದು ಕೈ 2 ತಿಂಗಳ ಮಗುವಿನ ಹಾಗೆ ಮುಷ್ಟಿಯಲ್ಲೇ ಇದೆ ಅಂದರೆ, ಅದಕ್ಕೆ ವಾರದ ಲೆಕ್ಕ ಉತ್ತರ ಕೊಡುವುದಿಲ್ಲ. ಎರಡೂ ಕೈ ಹುಟ್ಟಿದ್ದು ಒಂದೇ ದಿನ ಅಲ್ವಾ?

ಎಡಚ ಬಲಚ ಅನ್ನುವುದು ಇಷ್ಟು ಬೇಗ ಗೊತ್ತಾಗುವ ವಿಷಯವೂ ಅಲ್ಲ. ಮಕ್ಕಳು ಮೊದಲ ವರ್ಷ ಎರಡೂ ಕೈಯನ್ನು ಹೆಚ್ಚೂಕಮ್ಮಿ ಸಮವಾಗಿ ಬಳಸುತ್ತಾರೆ. ಒಂದು ವರ್ಷದ ಒಳಗೇ ಮಗು ಒಂದು ಕೈಯನ್ನು ಆರಿಸಿಕೊಂಡಿದೆ ಅಂದರೆ, ಆ ಕೈ ಇಷ್ಟವಾಗಿದ್ದಕ್ಕಲ್ಲ, ಇನ್ನೊಂದು ಕೈಯಲ್ಲಿ ಆಗುತ್ತಿಲ್ಲ ಅಂತ ಮೊದಲು ಯೋಚಿಸಬೇಕು. ಎಡಚರ ಮಗುವಾದರೂ ಬಲಗೈ ಅಗಲವಾಗಿ ಬಿಚ್ಚಿಕೊಳ್ಳಬೇಕು.

ಇದು ಹೀಗೇ ಅಂತ ಇಲ್ಲಿ ಕೂತು ಹೇಳಲಾಗದು. ಬೇಗ ಹುಟ್ಟಿದ ಕೆಲವು ಮಕ್ಕಳಿಗೆ ಮೆದುಳಿನ ಒಂದು ಪಕ್ಕಕ್ಕೆ ಪೆಟ್ಟು ಬಿದ್ದಿರುತ್ತದೆ. ಎಡ ಮೆದುಳಿಗೆ ಆದರೆ ಬಲಗೈ ಬಲಗಾಲು ಬಿಗಿಯಾಗುತ್ತವೆ. ಹೆರಿಗೆಯಲ್ಲಿ ಭುಜದ ನರ ಎಳೆದಿದ್ದರೂ ಒಂದು ಕೈ ಆಡುವುದಿಲ್ಲ, ಆದರೆ ಆ ಕೈ ಹುಟ್ಟಿದಾಗಿನಿಂದಲೇ ಜೋತು ಬಿದ್ದಿರುತ್ತದೆ, ಬಿಗಿ ಇರುವುದಿಲ್ಲ. ನೀವು ಹೇಳಿದ ಕೈ ಬಿಗಿ. ಡಯಾಪರ್ ಹಾಕುವಾಗ ನೋಡಿ ಅಕ್ಕ, ಬಲಗಾಲನ್ನು ಅಗಲಿಸುವುದು ಎಡಗಾಲಿಗಿಂತ ಕಷ್ಟ ಅನ್ನಿಸುತ್ತದಾ? ಒದೆಯುವಾಗ ಎರಡೂ ಕಾಲು ಸಮವಾಗಿ ಒದೆಯುತ್ತಾಳಾ?

ಒಂದು ವರ್ಷ ಕಾಯಬೇಡಿ. ಈ ವಾರವೇ ತೋರಿಸಿ.

ಪಾಂಡವಪುರ_ಅಮ್ಮ

ಮೇಡಂ, ಈಗಷ್ಟೇ ನೋಡಿದೆ. ಬಲಗಾಲು ಸ್ವಲ್ಪ ಬಿಗಿ ಅನ್ನಿಸುತ್ತದೆ. ಎಡಗಾಲನ್ನು ಎತ್ತಿ ಬಾಯಿಗೆ ಇಟ್ಟುಕೊಳ್ಳುತ್ತಾಳೆ, ಬಲಗಾಲನ್ನು ಯಾವತ್ತೂ ಇಟ್ಟುಕೊಂಡಿಲ್ಲ. ಇದು ಇಷ್ಟು ದಿನ ತಲೆಗೇ ಹೊಳೆದಿರಲಿಲ್ಲ. ಎಲ್ಲಿಗೆ ಹೋಗಲಿ?

ಮೈಸೂರು_ಮಲ್ಲಿಗೆ

ನನ್ನ ಮಗನಿಗೆ ಎರಡೂವರೆ ವರ್ಷ. ಅಮ್ಮ, ಬಾ ಎರಡೇ ಮಾತು. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದೇವೆ. ಇದಕ್ಕೂ ಫಿಸಿಯೋ ಬೇಕಾ?

ಶ್ರೀರಂಗಪಟ್ಟಣ_ಆಶಾ

ಮಲ್ಲಿಗೆ ಅಕ್ಕ, ನಿಮ್ಮದು ಬೇರೆ ವಿಷಯ, ಆಮೇಲೆ ಬರುತ್ತೇನೆ.

ಪಾಂಡವಪುರ ಅಕ್ಕ, ನಾನು ಆಶಾ ಕಾರ್ಯಕರ್ತೆ. ನಿಮಗೆ ಎರಡು ದಾರಿ ಇದೆ. ಒಂದು, ನಿಮ್ಮ ಊರಿನ ಆಶಾಗೆ ಅಥವಾ ಅಂಗನವಾಡಿ ಟೀಚರಿಗೆ "ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಬೇಕು" ಅಂತ ಹೇಳುವುದು. 2013ರಿಂದ ಇರುವ ಕೇಂದ್ರದ ಯೋಜನೆ. ತಂಡದ ಗಾಡಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡಿ, ತೊಂದರೆ ಕಂಡರೆ ಚೀಟಿ ಬರೆದು ಜಿಲ್ಲೆಗೆ ಕಳಿಸುತ್ತಾರೆ. ಆದರೆ ನಿಮ್ಮ ಅಂಗನವಾಡಿಗೆ ಹೋದ ತಿಂಗಳು ಬಂದು ಹೋಗಿದ್ದರೆ ಮುಂದಿನ ಸಲ ಬರುವಷ್ಟರಲ್ಲಿ ಮಗುವಿಗೆ ಒಂದು ವರ್ಷ ದಾಟಿರುತ್ತದೆ. ಆ ಗಾಡಿಗೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಆ ತಂಡದವರನ್ನು ಕೇಳಿದರೂ ಚೀಟಿ ಕೊಡುತ್ತಾರೆ.

ಎರಡನೆಯದು ನೇರ ಮಂಡ್ಯದ ಮಿಮ್ಸ್ ಆಸ್ಪತ್ರೆ, ಮಕ್ಕಳ ಹೊರರೋಗಿ ವಿಭಾಗ. ಅಲ್ಲಿ ಡಿಇಐಸಿ ಅಂತ ಕೇಳಿ. ಜಿಲ್ಲೆಯಲ್ಲಿ ಇಂಥ ಮಕ್ಕಳನ್ನು ನೋಡುವುದಕ್ಕೇ ಇರುವ ವ್ಯವಸ್ಥೆ ಅದು. ಮಕ್ಕಳ ಡಾಕ್ಟರ್, ಫಿಸಿಯೋ, ಕಿವಿ, ಕಣ್ಣು, ಮಾತು ಎಲ್ಲ ಒಂದೇ ಕಡೆ ಆಗಲಿ ಅನ್ನುವುದು ಉದ್ದೇಶ. ಯೋಜನೆಯ ಕೆಳಗೆ ದುಡ್ಡು ಕೊಡುವ ಹಾಗಿಲ್ಲ. ಎಲ್ಲ ಹುದ್ದೆಗಳೂ ಯಾವಾಗಲೂ ತುಂಬಿರುತ್ತವೆ ಅಂತ ನಾನು ಹೇಳಲಾರೆ. ಯಾರಿಲ್ಲವೋ ಅವರ ಬದಲು ಎಲ್ಲಿಗೆ ಹೋಗಬೇಕು ಅಂತ ಅಲ್ಲೇ ಬರೆಸಿಕೊಳ್ಳಿ. ಮೈಸೂರಿನ ಕಡೆ ಇರುವವರಿಗೆ ಚೆಲುವಾಂಬ ಆಸ್ಪತ್ರೆ.

ತಾಯಿ ಕಾರ್ಡ್ ಮರೆಯಬೇಡಿ.

ನಿವೃತ್ತ_ಸಿಸ್ಟರ್

ತಾಯಿ ಕಾರ್ಡಿಗಿಂತ ಮುಖ್ಯ ಎನ್‌ಐಸಿಯು ಡಿಸ್ಚಾರ್ಜ್ ಸಮ್ಮರಿ. ಬಹಳ ಮನೆಗಳಲ್ಲಿ ಅದನ್ನು ಬಿಲ್ಲಿನ ಜೊತೆ ಎಲ್ಲೋ ಸಿಕ್ಕಿಸಿ ಬಿಟ್ಟಿರುತ್ತಾರೆ. ಹುಡುಕಿ. ಕಳೆದಿದ್ದರೆ ಆ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ನಕಲು ಕೇಳಿ.

ಅದರಲ್ಲಿ ಮೂರು ವಿಷಯ ನೋಡಬೇಕು. ನೆತ್ತಿಯ ಮೇಲಿಂದ ಮೆದುಳಿನ ಸ್ಕ್ಯಾನ್ ಮಾಡಿದ್ದರಾ, ಅದರಲ್ಲಿ ರಕ್ತಸ್ರಾವ ಅಂತ ಏನಾದರೂ ಬರೆದಿದೆಯಾ. ಕಣ್ಣಿನ ಒಳಪದರದ ಪರೀಕ್ಷೆ ಆಗಿದೆಯಾ. 32 ವಾರದ ಮಗುವಿಗೆ ಅದು ಹುಟ್ಟಿದ ಒಂದು ತಿಂಗಳ ಒಳಗೆ ಆಗಲೇಬೇಕು. ಆಮೇಲೆ ಕಿವಿ. ಎನ್‌ಐಸಿಯುನಲ್ಲಿದ್ದ ಮಗುವಿಗೆ ಕಿವಿಗೆ ಚಿಕ್ಕ ಬಿರಡೆ ಇಟ್ಟು ಮಾಡುವ ಓಎಇ ಒಂದೇ ಸಾಲದು. ಅದು ಕಿವಿಯ ಒಳಭಾಗ ಸರಿಯಿದೆ ಅಂತಷ್ಟೇ ಹೇಳುತ್ತದೆ, ಅಲ್ಲಿಂದ ನರದಲ್ಲಿ ಸದ್ದು ಮೆದುಳಿಗೆ ಹೋಗುತ್ತಿದೆಯಾ ಅಂತ ಹೇಳುವುದಿಲ್ಲ. ತಲೆಗೆ ತಂತಿ ಅಂಟಿಸಿ, ಮಗು ಮಲಗಿರುವಾಗ ಮಾಡುವ ಬೇರಾ ಪರೀಕ್ಷೆಯೂ ಆಗಬೇಕು.

ಇನ್ನೊಂದು ಮಾತು. ಮೆದುಳಿಗೆ ಪೆಟ್ಟು ಬಿದ್ದ ಮಕ್ಕಳಲ್ಲಿ 4 ರಿಂದ 8 ತಿಂಗಳ ಹೊತ್ತಿಗೆ ಒಂದು ಬಗೆಯ ಫಿಟ್ಸ್ ಬರಬಹುದು. ದೊಡ್ಡವರ ಫಿಟ್ಸ್ ಹಾಗೆ ಕಾಣುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ ಮಗು ಕತ್ತು ಬಗ್ಗಿಸಿ ಎರಡೂ ಕೈ ಮುಂದಕ್ಕೆ ಎಸೆಯುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ. ಸಾಲಾಗಿ ಬರುತ್ತದೆ. ಹೊಟ್ಟೆನೋವು, ಬೆಚ್ಚಿ ಬೀಳುವುದು ಅಂತ ತಿಳಿದು ಮನೆಯವರು ದೃಷ್ಟಿ ತೆಗೆಯುತ್ತಾ ಕೂರುತ್ತಾರೆ. ಅಂಥದ್ದು ಕಂಡರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ಆಗ ಬೇಕಿರುವುದು ಥೆರಪಿ ಅಲ್ಲ, ಮೆದುಳಿನ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಮತ್ತು ಔಷಧಿ.

ಮಳವಳ್ಳಿ_ಹುಡುಗ

ಸಿಸ್ಟರ್, ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ಆ ತಾಯಿ ಕೈ ಬಗ್ಗೆ ಕೇಳಿದ್ದು.

ನಿವೃತ್ತ_ಸಿಸ್ಟರ್

ಹೆದರಿದರೂ ಪರವಾಗಿಲ್ಲಪ್ಪ. ಇದನ್ನು ತಡವಾಗಿ ಗುರುತಿಸಿ, ಕಲಿತದ್ದನ್ನೆಲ್ಲ ಮರೆತು ಮಂಕಾದ ಮಕ್ಕಳನ್ನು ವಾರ್ಡಿನಲ್ಲಿ ನೋಡಿದ್ದೇನೆ. ಗೊತ್ತಿದ್ದರೆ ಗುರುತಿಸುತ್ತಾರೆ.

ಶ್ರೀರಂಗಪಟ್ಟಣ_ಆಶಾ

ಮಲ್ಲಿಗೆ ಅಕ್ಕ, ನಿಮ್ಮ ಮಗನಿಗೆ ಮೊದಲು ಕಿವಿ ಪರೀಕ್ಷೆ. ಕೇಳಿಸದಿದ್ದರೆ ಬಜೆ ತೇಯ್ದರೂ ಮಾತು ಬರದು. ನೀವು ಮೈಸೂರಿನಲ್ಲೇ ಇದ್ದೀರಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಹೊರ ರಾಜ್ಯಗಳಿಂದ ರೈಲು ಹತ್ತಿ ಬಂದು ಮನೆ ಮಾಡಿಕೊಂಡು ಅಲ್ಲಿ ಮಕ್ಕಳಿಗೆ ತೋರಿಸುತ್ತಾರೆ.

ಮೈಸೂರು_ಮಲ್ಲಿಗೆ

ಬಾಗಿಲ ಸದ್ದಿಗೆ ತಿರುಗುತ್ತಾನಲ್ಲ, ಕಿವಿ ಸರಿ ಇದೆ ಅಂದುಕೊಂಡಿದ್ದೆ.

ಫಿಸಿಯೋ_ಕುವೆಂಪುನಗರ

ಬಾಗಿಲ ಸದ್ದು ದಪ್ಪ ಸದ್ದು, ನೆಲವೂ ಅದುರುತ್ತದೆ. "ಸ", "ತ" ಅಂಥ ಸಣ್ಣ ಸದ್ದು ಕೇಳದ ಮಕ್ಕಳೂ ಬಾಗಿಲಿಗೆ ತಿರುಗುತ್ತಾರೆ. ಪರೀಕ್ಷೆ ಮಾಡಿಸಿಬಿಡಿ ಅಕ್ಕ. ಕಿವಿ ಸರಿ ಇದ್ದರೆ ಮುಂದೆ ಏನು ಅಂತ ಅಲ್ಲೇ ನೋಡುತ್ತಾರೆ.

ಪಾಂಡವಪುರ_ಅಮ್ಮ

ಎಲ್ಲರಿಗೂ ಧನ್ಯವಾದ. ಹೋಗಿ ಬಂದೆವು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಡಗಡೆ ರಕ್ತಸ್ರಾವ ಅಂತ ಬರೆದೇ ಇತ್ತು, ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮಕ್ಕಳ ಡಾಕ್ಟರು ಕೈಕಾಲು ಬಗ್ಗಿಸಿ, ಎತ್ತಿ, ಓರೆ ಮಾಡಿ ಹಿಡಿದು ಬಹಳ ಹೊತ್ತು ನೋಡಿದರು. ಓರೆ ಮಾಡಿ ಹಿಡಿದಾಗ ಎಡಗೈ ಊರಲು ಬಂತು, ಬಲಗೈ ಬರಲೇ ಇಲ್ಲ. ಒಂದು ಪಕ್ಕದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಬಿದ್ದ ಪೆಟ್ಟಿನಿಂದ ಒಂದು ಕಡೆಯ ಕೈಕಾಲು ಸರಿಯಾಗಿ ಆಡದಿರುವುದು, ಆಗುವ ಸಾಧ್ಯತೆ ಜಾಸ್ತಿ, ಈಗಲೇ ಥೆರಪಿ ಶುರು ಮಾಡಿ ಅಂದರು. ಕಣ್ಣು ಸರಿ ಇದೆ. ಬೇರಾ ಮಾಡಿಸಲು ಮೈಸೂರಿಗೆ ಬರೆದುಕೊಟ್ಟಿದ್ದಾರೆ.

ಥೆರಪಿ ಮಾಡುವವರು ಎಡಗೈಗೆ ಮೆತ್ತನೆಯ ಕಾಲುಚೀಲ ಹಾಕಿ, ಬಲಗೈಯಲ್ಲೇ ಆಟ ಆಡಿಸಿ ಅಂದರು. ದಿನಕ್ಕೆ ಅರ್ಧ ಗಂಟೆ. ಮನೆಗೆ ಬಂದು ಹಾಕಿದರೆ ಒಂದೇ ಅಳು. ಅತ್ತೆ "ಆಡೋ ಕೈನ ಕಟ್ಟಿ ಹಾಕ್ತೀಯಲ್ಲ, ಪಾಪ ತಟ್ಟುತ್ತೆ" ಅಂತ ಕಿತ್ತು ಹಾಕಿದರು. ನನಗೂ ಮನಸ್ಸು ಬರುತ್ತಿಲ್ಲ. ಇದು ನಿಜವಾಗಿ ಕೆಲಸ ಮಾಡುತ್ತದಾ?

ಕೆಆರ್‌ಪೇಟೆ_ಸುಬ್ಬಣ್ಣ

ನಿಮ್ಮ ಅತ್ತೆ ಹೇಳಿದ್ದೇ ಸರಿ. ಹಸುಗೂಸಿನ ಕೈ ಕಟ್ಟುವುದು ಯಾವ ವೈದ್ಯ?

ಫಿಸಿಯೋ_ಕುವೆಂಪುನಗರ

ಅಕ್ಕ, ಕೆಲಸ ಮಾಡುತ್ತದೆ. ಆದರೆ ಮಾಡುವ ರೀತಿಯಲ್ಲಿ ಇದೆ ಎಲ್ಲ.

ಯಾಕೆ ಅಂತ ಮೊದಲು ಹೇಳುತ್ತೇನೆ, ಅತ್ತೆಗೂ ಓದಿ ಹೇಳಿ. ಮೆದುಳಿನಿಂದ ಕೈಗೆ ಇಳಿಯುವ ನರದ ದಾರಿಗಳು ಮೊದಲ ವರ್ಷದಲ್ಲಿ ಗಟ್ಟಿಯಾಗುತ್ತವೆ. ಬಳಸಿದ ದಾರಿ ಉಳಿಯುತ್ತದೆ, ಬಳಸದ್ದು ಸೊರಗುತ್ತದೆ. ನಿಮ್ಮ ಮಗಳ ಎಡ ಮೆದುಳಿನಲ್ಲಿ ಬಲಗೈಗೆ ಹೋಗುವ ಸ್ವಲ್ಪ ದಾರಿ ಉಳಿದಿರಬಹುದು. ಎಡಗೈ ಎಲ್ಲ ಕೆಲಸವನ್ನೂ ಬೇಗ ಮಾಡಿಬಿಡುವುದರಿಂದ ಆ ಉಳಿದ ದಾರಿಗೆ ಕೆಲಸವೇ ಇಲ್ಲ. ಅದಕ್ಕೇ ಸ್ವಲ್ಪ ಹೊತ್ತು ಎಡಗೈಗೆ ಬಿಡುವು ಕೊಡುವುದು. ಕಟ್ಟಿ ಹಾಕುವುದಲ್ಲ. ಚೀಲದ ಒಳಗೆ ಕೈ ಆಡುತ್ತಿರುತ್ತದೆ, ಹಿಡಿಯಲು ಮಾತ್ರ ಆಗದು.

ಈಗ ರೀತಿ. ದಿನಕ್ಕೆ 30 ನಿಮಿಷ, ವಾರಕ್ಕೆ 6 ದಿನ, 6 ವಾರ ಮಾಡಿ, ಆಮೇಲೆ 6 ವಾರ ನಿಲ್ಲಿಸಿ, ಮತ್ತೆ 6 ವಾರ. ಶಿಶುಗಳ ಮೇಲೆ ಪರೀಕ್ಷಿಸಿ ನೋಡಿದ ಪದ್ಧತಿ ಇದು. 30 ನಿಮಿಷ ಒಟ್ಟಿಗೆ ಆಗಬೇಕಿಲ್ಲ. ಹತ್ತು ಹತ್ತು ನಿಮಿಷ ಮೂರು ಸಲ ಮಾಡಿ. ನಿದ್ದೆ ಮಾಡಿ ಎದ್ದು, ಹಾಲು ಕುಡಿದು ಖುಷಿಯಲ್ಲಿರುವಾಗ ಹಾಕಿ. ಅತ್ತರೆ ತೆಗೆದುಬಿಡಿ. ಅಳುವ ಮಗು ಮುಷ್ಟಿ ಇನ್ನೂ ಬಿಗಿ ಮಾಡುತ್ತದೆ, ಆಗ ಮಾಡಿದ್ದು ದಂಡ. ಚೀಲಕ್ಕೆ ಗುಂಡಿ, ದಾರ ಇರಬಾರದು. ಮಲಗುವಾಗ ಬೇಡ.

ಮಗುವನ್ನು ತೊಡೆಯ ಮೇಲೆ, ಬೆನ್ನು ನಿಮ್ಮ ಎದೆಗೆ ಒರಗಿಸಿ ಕೂರಿಸಿಕೊಳ್ಳಿ. ವಾಲುವ ಮಗು ಬೀಳದಿರುವುದಕ್ಕೇ ಕೈ ಬಿಗಿ ಹಿಡಿಯುತ್ತದೆ, ಒರಗಿಸಿದರೆ ಕೈ ಸಡಿಲವಾಗುತ್ತದೆ. ಬಲ ಮೊಣಕೈಯನ್ನು ಹಿಂದಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿ ಆಸರೆ ಕೊಡಿ. ಬೆರಳನ್ನು ಎಳೆದು ಬಿಡಿಸಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ, ಮುಂಗೈ ಮೇಲೆ ಕಿರುಬೆರಳಿನ ಕಡೆಯಿಂದ ಸವರಿ, ತಾನಾಗೇ ಸಡಿಲವಾಗುತ್ತದೆ. ಆಮೇಲೆ ಹಿಡಿಯಲು ಸುಲಭವಾದದ್ದನ್ನು ಮುಂದೆ ಇಡಿ. ದಪ್ಪ ಬೊಂಬೆ ಬೇಡ. ತೆಳ್ಳಗಿನ, ಹಗುರವಾದ, ಹೊಡೆದರೆ ಸದ್ದು ಬರುವ ವಸ್ತು. ಮೊದಲ ವಾರ ಮಗು ಹಿಡಿಯುವುದಿಲ್ಲ, ಬರೀ ಕೈ ಹೊಡೆಯುತ್ತದೆ. ಅದೂ ಲೆಕ್ಕಕ್ಕೆ ಬರುತ್ತದೆ. ಹೊಡೆದ ತಕ್ಷಣ ಸದ್ದು ಬಂದರೆ ಮತ್ತೆ ಹೊಡೆಯಬೇಕು ಅನ್ನಿಸುತ್ತದೆ ಅಲ್ವಾ, ನಮಗೆ ಬೇಕಿರುವುದು ಆ ಆಸೆ.

ನೀವು ಕೈ ಹಿಡಿದು ಆಡಿಸಿದರೆ ಫಲ ಕಡಿಮೆ. ಮಗುವೇ ಕೈ ಎತ್ತಬೇಕು.

ಸುಬ್ಬಣ್ಣನವರೇ, ಎಣ್ಣೆ ತಿಕ್ಕುವುದಕ್ಕೆ ನನ್ನ ಅಡ್ಡಿ ಇಲ್ಲ. ಮಗುವಿಗೆ ಹಿತ, ಅಮ್ಮನಿಗೂ ಹಿತ. ಆದರೆ ತಿಕ್ಕುವಾಗ ಕೆಲಸ ಮಾಡುವುದು ತಿಕ್ಕುವವರ ಕೈ, ಮಗುವಿನ ಮೆದುಳಲ್ಲ. ಅಷ್ಟರಿಂದಲೇ ಕೈ ಬರುವುದಿಲ್ಲ.

ಕೆಆರ್‌ಪೇಟೆ_ಸುಬ್ಬಣ್ಣ

ನಮ್ಮ ಅಜ್ಜಿ ನೂರಾರು ಕೂಸು ತಿಕ್ಕಿ ನೀರು ಹುಯ್ದವಳು. ಎಲ್ಲರ ಕೈಯೂ ಬಂದಿದೆ. ನಾನು ಒಪ್ಪುವುದಿಲ್ಲ. ತಿಕ್ಕಿ, ಜೊತೆಗೆ ನಿಮ್ಮದನ್ನೂ ಮಾಡಲಿ.

ಸರಸ್ವತಿಪುರಂ_ಅಪ್ಪ

ನನ್ನ ಮಗಳದ್ದೂ ಇದೇ ಕಥೆ. ಎಡಗೈ. ಈಗ ಸ್ಕೂಲಿಗೆ ಹೋಗುತ್ತಾಳೆ. ಕೆಲವು ಮಾತು ಹೇಳುತ್ತೇನೆ.

ಮೊದಲನೆಯದು, ಕೈ ಪೂರ್ತಿ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಮ್ಮವಳ ಎಡಗೈ ಇವತ್ತಿಗೂ ಸೂಜಿಗೆ ದಾರ ಹಾಕುವ ಕೈ ಅಲ್ಲ. ಆದರೆ ಟಿಫನ್ ಡಬ್ಬಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಮುಚ್ಚಳ ತೆಗೆಯುತ್ತಾಳೆ. ಹಾಳೆಯನ್ನು ಎಡಗೈಯಲ್ಲಿ ಅದುಮಿಕೊಂಡು ಬರೆಯುತ್ತಾಳೆ. ಅದು ಸಹಾಯದ ಕೈ. ಆ ಸಹಾಯ ಬರುವುದಕ್ಕೇ ಇಷ್ಟೆಲ್ಲ ಮಾಡಿದ್ದು, ಅದು ದೊಡ್ಡದು. ನಾವು ಶುರು ಮಾಡುವಾಗ ಅವಳಿಗೆ ಎರಡು ವರ್ಷ ಹತ್ತಿರ. ನಿಮಗೆ ಇನ್ನೂ ಸಮಯ ಇದೆ.

ಎರಡನೆಯದು, ಥೆರಪಿ ಹೆಸರಿನಲ್ಲಿ ಏನೇನೋ ನಡೆಯುತ್ತದೆ. ನಾವು ಮೊದಲು ಹೋದ ಒಂದು ಕಡೆ ಮಗುವನ್ನು ಪರದೆ ಹಿಂದೆ ಕರೆದುಕೊಂಡು ಹೋಗಿ ಕೈಗೆ ಕರೆಂಟ್ ಕೊಟ್ಟು, ಎಳೆದು, ವಾಪಸ್ ಕೊಡುತ್ತಿದ್ದರು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಮಗು ಅತ್ತು ಅತ್ತು ಸುಸ್ತಾಗಿ ಬರುತ್ತಿತ್ತು. ದಿನಾ ದುಡ್ಡು. ಏನು ಗುರಿ ಅಂತ ಕೇಳಿದರೆ "ಇಂಪ್ರೂವ್ ಆಗುತ್ತೆ" ಅಷ್ಟೇ. ಆಮೇಲೆ ಸಿಕ್ಕ ಥೆರಪಿಸ್ಟ್ ಮೊದಲ ದಿನವೇ ಕೇಳಿದ ಪ್ರಶ್ನೆ: "ಮನೆಯಲ್ಲಿ ಮಗು ಏನು ಮಾಡಬೇಕು ಅಂತ ನಿಮಗೆ ಆಸೆ?" ಎರಡೂ ಕೈಯಲ್ಲಿ ಲೋಟ ಹಿಡಿಯಬೇಕು ಅಂದೆವು. ಅದಕ್ಕೇ ಕೆಲಸ ಶುರು. ನನ್ನ ಹೆಂಡತಿಯ ಕೈಯಲ್ಲಿ ಮಾಡಿಸಿ, ತಪ್ಪಿದ್ದನ್ನು ತಿದ್ದಿ ಕಳಿಸುತ್ತಿದ್ದರು. ಫರಕ್ಕು ಇಲ್ಲೇ ಇದೆ.

ಮೂರನೆಯದು ಸ್ಟೆಮ್ ಸೆಲ್. ಲಕ್ಷಗಟ್ಟಲೆ ಕೇಳುತ್ತಾರೆ. ಸೆರೆಬ್ರಲ್ ಪಾಲ್ಸಿಗೆ ಅದನ್ನು ಚಿಕಿತ್ಸೆ ಅಂತ ಮಾರಲು ನಮ್ಮ ದೇಶದಲ್ಲಿ ಒಪ್ಪಿಗೆ ಇಲ್ಲ. ಒಪ್ಪಿಗೆ ಪಡೆದ ಸಂಶೋಧನೆಯಲ್ಲಿ ಮಾತ್ರ ಮಾಡಬಹುದು, ಅಲ್ಲಿ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ. ನೆಂಟರು ಹೇಳಿದರು ಅಂತ ಜಮೀನು ಮಾರಬೇಡಿ.

ಇನ್ನು ಎಂಆರ್‌ಐ. ಮಾಡಿಸಿಬಿಡಿ. ನಮಗೆ ಆ ಫೋಟೋ ನೋಡಿದ ಮೇಲೆಯೇ ಮನಸ್ಸು ನಿಂತದ್ದು.

ಫಿಸಿಯೋ_ಕುವೆಂಪುನಗರ

ಎಂಆರ್‌ಐ ವಿಷಯದಲ್ಲಿ ಸ್ವಲ್ಪ ತಡೆಯಿರಿ ಸರ್. ಈ ವಯಸ್ಸಿನ ಮಗುವಿಗೆ ಮತ್ತು ಬರಿಸಿಯೇ ಮಾಡಬೇಕು. ಇವಳ ನೆತ್ತಿ ಸ್ಕ್ಯಾನಿನಲ್ಲೇ ಕಾರಣ ಕಂಡಿದೆ. ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಮಾಡಿದರೆ ಚಿತ್ರ ಹೆಚ್ಚು ಸ್ಪಷ್ಟ. ಡಾಕ್ಟರು ಹೇಳಲಿ. ಎಂಆರ್‌ಐ ಆಗಲಿ ಅಂತ ಥೆರಪಿ ನಿಲ್ಲಿಸುವುದು ಮಾತ್ರ ಬೇಡ.

ಸರಸ್ವತಿಪುರಂ_ಅಪ್ಪ

ಕಾಯುವ ಅಪ್ಪ ಅಮ್ಮನಿಗೆ ಕಾರಣ ಖಚಿತವಾಗಿ ಗೊತ್ತಾಗುವುದೂ ಚಿಕಿತ್ಸೆಯೇ ಮೇಡಂ. ಇದರಲ್ಲಿ ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆ ಆಗುವುದಿಲ್ಲ.

ಮಳವಳ್ಳಿ_ಹುಡುಗ

ವಾರಕ್ಕೆ ಎಷ್ಟು ಸಲ ಥೆರಪಿಗೆ ಹೋಗಬೇಕು? ನನ್ನ ಅಕ್ಕನ ಮಗನಿಗೆ ದಿನಾ ಬರಲೇಬೇಕು ಅಂತ ಒಂದು ಕಡೆ ಹೇಳಿದ್ದಾರೆ. ಮಳವಳ್ಳಿಯಿಂದ ದಿನಾ ಮೈಸೂರು ಆಗುವ ಮಾತಾ?

ಫಿಸಿಯೋ_ಕುವೆಂಪುನಗರ

ಶಿಶುಗಳಿಗೆ ದಿನಾ ಬಸ್ಸಿನಲ್ಲಿ ಓಡಾಡಿಸಿ ಅರ್ಧ ಗಂಟೆ ಮಾಡಿಸುವುದಕ್ಕಿಂತ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದು ಚೆನ್ನಾಗಿ ಕಲಿತು ಹೋಗಿ, ಮನೆಯಲ್ಲಿ ದಿನಾ ಮಾಡುವುದು ಒಳ್ಳೆಯದು. ಎಚ್ಚರ ಇರುವಷ್ಟು ಹೊತ್ತೂ ಮಗು ಮನೆಯಲ್ಲೇ ಇರುತ್ತದಲ್ಲ. ಮನೆಯಲ್ಲಿ ಮಾಡಲು ಯಾರೂ ಇಲ್ಲ, ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ ಅಂದರೆ ಲೆಕ್ಕ ಬೇರೆ. ಆಗ ಅಜ್ಜಿಯನ್ನೇ ಕರೆದುಕೊಂಡು ಬನ್ನಿ, ಅವರಿಗೇ ಕಲಿಸುತ್ತೇವೆ.

ಪಾಂಡವಪುರ_ಅಮ್ಮ

ಮೇಡಂ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. "ಹಂಗಂದ್ರೆ ನಾನೇ ಆಡಿಸ್ತೀನಿ ತಗೋ" ಅಂದರು. ಸ್ಟೀಲ್ ತಟ್ಟೆ ಬೋರಲು ಹಾಕಿ, ಅದರ ಮೇಲೆ ಗಾಜಿನ ಬಳೆ ಬದಲು ಪ್ಲಾಸ್ಟಿಕ್ ಬಳೆ ಇಟ್ಟು ಆಡಿಸುತ್ತಿದ್ದಾರೆ. ತೊಡೆ ಮೇಲೆ ಒರಗಿಸಿ ಕೂರಿಸಿಕೊಂಡ ಮೇಲೆ ಅಳು ಕಡಿಮೆ. ತಟ್ಟೆಗೆ ಬಲಗೈ ಬಡಿಯುತ್ತಾಳೆ. ಮುಷ್ಟಿ ಇನ್ನೂ ಬಿಟ್ಟಿಲ್ಲ. ಸರಿ ಹೋಗುತ್ತಿದೆಯಾ ಇಲ್ವಾ ಅಂತ ನಾವು ಹೇಗೆ ತಿಳಿಯುವುದು? ದಿನಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಸರಸ್ವತಿಪುರಂ_ಅಪ್ಪ

ವಿಡಿಯೋ ಮಾಡಿ ತಂಗಿ. ಹದಿನೈದು ದಿನಕ್ಕೊಮ್ಮೆ. ಅದೇ ಜಾಗ, ಅದೇ ಬಳೆ, ಅದೇ ರೀತಿ ಕೂರಿಸಿ, ಎರಡು ನಿಮಿಷ. ಎಡಗೈಗೆ ಚೀಲ ಹಾಕದೆಯೂ ಒಂದು ಮಾಡಿ. ಪಕ್ಕಪಕ್ಕ ಇಟ್ಟು ನೋಡಿದರೆ ಫರಕ್ಕು ಕಾಣುತ್ತದೆ. ಆಸ್ಪತ್ರೆಗೆ ಹೋದಾಗ ಮಗು ಹೊಸಬರನ್ನು ಕಂಡು ಕೈ ಬಿಗಿ ಹಿಡಿದರೂ ವಿಡಿಯೋ ತೋರಿಸಬಹುದು.

ಫಿಸಿಯೋ_ಕುವೆಂಪುನಗರ

ಹೌದು. ವಿಡಿಯೋದಲ್ಲಿ ಏನು ನೋಡಬೇಕು ಅಂದರೆ, ಬಳೆ ಮುಟ್ಟುವ ಮುಂಚೆಯೇ ಬೆರಳು ಬಿಚ್ಚಲು ಶುರುವಾಯಿತಾ? ಮೊದಲು ತಾಗಿದ ಮೇಲೆ ಬಿಚ್ಚುತ್ತದೆ, ಆಮೇಲೆ ಹತ್ತಿರ ಬರುವಾಗಲೇ. ಅದು ಬಂದರೆ ಕೈ ಸಿದ್ಧವಾಗುತ್ತಿದೆ ಅಂತ. ಇನ್ನೊಂದು, ಚೀಲ ತೆಗೆದ ಮೇಲೆ ದೊಡ್ಡ ಚೆಂಡು ಕೊಟ್ಟರೆ ಬಲಗೈ ತಾನಾಗಿ ಸಹಾಯಕ್ಕೆ ಬರುತ್ತದಾ? 6 ವಾರ ಸರಿಯಾಗಿ ಮಾಡಿಯೂ ಎರಡೂ ಕಾಣದಿದ್ದರೆ ಅದೇ ಆಟ ಮುಂದುವರಿಸಬೇಡಿ, ಥೆರಪಿಸ್ಟ್ ಹತ್ತಿರ ಹೋಗಿ ಬದಲಾಯಿಸಿ. ಚೀಲ ನಿಲ್ಲಿಸುವ ಮಧ್ಯದ 6 ವಾರಗಳಲ್ಲಿ ಎರಡು ಕೈ ಬೇಕಾಗುವ ಆಟ ಆಡಿಸಿ, ಚೆಂಡು, ಡಬ್ಬಿ, ದೊಡ್ಡ ಲೋಟ.

ಕಾಲನ್ನೂ ಮರೆಯಬೇಡಿ. ನಿಲ್ಲುವ ಹೊತ್ತಿಗೆ ಬಲಗಾಲಿನ ತುದಿಯಲ್ಲೇ ನಿಂತರೆ ಕಾಲಿಗೆ ಸ್ಪ್ಲಿಂಟ್ ಬೇಕಾಗಬಹುದು. ವಾಕರ್ ತರಬೇಡಿ, ಅದರಲ್ಲಿ ಮಕ್ಕಳು ತುದಿಗಾಲಲ್ಲೇ ತಳ್ಳುವುದು ಕಲಿಯುತ್ತವೆ.

ಲೆಕ್ಕದ_ಮೇಷ್ಟ್ರು

ವಾಕರ್ ಕೊಟ್ಟರೆ ಬೇಗ ನಡೆಯುತ್ತಾರೆ ಅಂತ ನಮ್ಮ ಮನೆಯಲ್ಲಿ ಈಗಷ್ಟೇ ತಂದಿಟ್ಟಿದ್ದಾರೆ. ಮೊಮ್ಮಗನಿಗೆ ಯಾವ ತೊಂದರೆಯೂ ಇಲ್ಲ. ಅವನಿಗೂ ಬೇಡವಾ?

ಫಿಸಿಯೋ_ಕುವೆಂಪುನಗರ

ಅವನಿಗೂ ಬೇಡ ಮೇಷ್ಟ್ರೇ. ನೆಲದ ಮೇಲೆ ಬಿಡಿ.

ಮೈಸೂರು_ಮಲ್ಲಿಗೆ

ಕಿವಿ ಪರೀಕ್ಷೆಗೆ ಹೋಗಿದ್ದೆವು. ಎರಡೂ ಕಿವಿಯಲ್ಲಿ ಸ್ವಲ್ಪ ಕಡಿಮೆ ಅಂದರು. ಕಿವಿಯೊಳಗೆ ನೀರು ತುಂಬಿದೆಯಂತೆ, ಇಎನ್‌ಟಿಗೆ ಕಳಿಸಿದ್ದಾರೆ. ಅದು ಇಳಿದ ಮೇಲೆ ಮತ್ತೆ ಪರೀಕ್ಷೆ, ಆಮೇಲೆ ಸ್ಪೀಚ್ ಥೆರಪಿ ವಿಷಯ. ಆಶಾ ಅಕ್ಕನಿಗೆ ಬಹಳ ಥ್ಯಾಂಕ್ಸ್.

ಪಾಂಡವಪುರ_ಅಮ್ಮ

ಒಳ್ಳೆಯದಾಯಿತು ಅಕ್ಕ. ನಮ್ಮ ಬೇರಾ ಇನ್ನೂ ಆಗಿಲ್ಲ, ಮಗು ಅಲ್ಲಿ ಮಲಗಲೇ ಇಲ್ಲ, ಇನ್ನೊಂದು ದಿನ ಕೊಟ್ಟಿದ್ದಾರೆ. ಇನ್ನೊಂದು ಪ್ರಶ್ನೆ. ಅಂಗವಿಕಲರ ಕಾರ್ಡ್ ಈಗಲೇ ಮಾಡಿಸಬೇಕಾ? ಯಜಮಾನರು ಇಷ್ಟು ಚಿಕ್ಕ ಮಗುವಿಗೆ ಆ ಹಣೆಪಟ್ಟಿ ಬೇಡ ಅನ್ನುತ್ತಾರೆ.

ಸರಸ್ವತಿಪುರಂ_ಅಪ್ಪ

ಆಸ್ಪತ್ರೆಯ ಥೆರಪಿಗೆ ಕಾರ್ಡ್ ಬೇಕಿಲ್ಲ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವವರಿಗೆ ಕೇಂದ್ರದ ನಿರಾಮಯ ಆರೋಗ್ಯ ವಿಮೆ ಇದೆ, ಅದಕ್ಕೆ ಬೇಕು. ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚಿಗೂ ಒಂದು ಮಿತಿಯವರೆಗೆ ಕೊಡುತ್ತಾರೆ. ಮೊದಲು ನೀವು ಕೊಟ್ಟು, ಬಿಲ್ ಹಾಕಿ ವಾಪಸ್ ಪಡೆಯಬೇಕು, ಬಿಲ್ ಇಟ್ಟುಕೊಳ್ಳಿ. ಡಾಕ್ಟರು "ಸಾಧ್ಯತೆ" ಅಂತ ಅಂದಿದ್ದಾರಲ್ಲ, ಅವರು ಖಚಿತವಾಗಿ ಬರೆದುಕೊಡುವವರೆಗೂ ಹೇಗೂ ಆಗದು. ಅಷ್ಟರಲ್ಲಿ ನಿಮ್ಮ ಯಜಮಾನರ ಜೊತೆ ಮಾತಾಡಿ. ನಾನೂ ಎರಡು ವರ್ಷ ಬೇಡ ಅಂದವನೇ, ಬೇಕಾದರೆ ನನ್ನ ಜೊತೆ ಮಾತಾಡಿಸಿ.

ಮದ್ದೂರು_ಕಾವ್ಯ

ಇದೆಲ್ಲ ಓದಿ ಭಯವಾಗುತ್ತಿದೆ. ನನ್ನ ಮಗನಿಗೆ 5 ತಿಂಗಳು, ತಿಂಗಳು ತುಂಬಿಯೇ ಹುಟ್ಟಿದ್ದು. ಅವನೂ ಒಮ್ಮೊಮ್ಮೆ ಮುಷ್ಟಿ ಕಟ್ಟುತ್ತಾನೆ.

ಶ್ರೀರಂಗಪಟ್ಟಣ_ಆಶಾ

ಒಮ್ಮೊಮ್ಮೆ ಎಲ್ಲ ಮಕ್ಕಳೂ ಕಟ್ಟುತ್ತವೆ ಕಾವ್ಯ. ಎರಡೂ ಕೈ ಬಿಚ್ಚುತ್ತಾನಾ, ಎರಡೂ ಕೈ ಬಾಯಿಗೆ ತರುತ್ತಾನಾ? ಹೌದು ಅಂದರೆ ಮುಂದಿನ ಲಸಿಕೆಗೆ ಹೋದಾಗ ಒಂದು ಮಾತು ಕೇಳಿ. ಒಂದೇ ಕೈ ಅಂದರೆ ಕಾಯಬೇಡಿ, ಮದ್ದೂರು ತಾಲ್ಲೂಕು ಆಸ್ಪತ್ರೆಗೆ ನಾಳೆಯೇ ಹೋಗಿ.

ಮದ್ದೂರು_ಕಾವ್ಯ

ಎರಡೂ ಕೈ ತರುತ್ತಾನೆ. ಈಗ ನನ್ನ ಸರ ಹಿಡಿದು ಎಳೆಯುತ್ತಿದ್ದಾನೆ, ಎರಡೂ ಕೈಯಲ್ಲಿ.